ಬಡ್ಡಿಯೂ ಷೇರೂ ಒಂದೇ ಕಾಗದದಲ್ಲಿ

ಕಳೆದ ತಿಂಗಳು ಹುಬ್ಬಳ್ಳಿಯಿಂದ ಭಾವ ಫೋನ್ ಮಾಡಿದ್ದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಕಂಪನಿಯೊಂದರ ಪರಿವರ್ತನೀಯ ಸಾಲಪತ್ರದಲ್ಲಿ ಹಾಕುವ ಯೋಚನೆ ಅವರದು. ‘ಈಗ ಬಡ್ಡಿ ಬರ್ತದ, ಮುಂದ ಷೇರು ಆಗ್ತದ. ಲುಕ್ಸಾನು ಎಲ್ಲಿಂದ ಬರಬೇಕೋ?’ ಎಂದರು. ಪುಣೆಯಲ್ಲಿ ಕಂಪನಿಗಳ ಸಾಲದ ಲೆಕ್ಕ ನೋಡುವುದೇ ನನ್ನ ಕೆಲಸ. ಆದರೂ ಥಟ್ಟನೆ ಉತ್ತರಿಸದೆ ಒಂದು ಲೆಕ್ಕ ಹೇಳಿದೆ.

ಸಾಲಪತ್ರದ ಮುಖಬೆಲೆ 1,000 ರೂಪಾಯಿ, ಅವಧಿ ಐದು ವರ್ಷ, ಬಡ್ಡಿ ವರ್ಷಕ್ಕೆ ಶೇ 6 ಎಂದುಕೊಳ್ಳಿ. ಬೇಕೆಂದರೆ ಅದನ್ನು ತಲಾ 125 ರೂಪಾಯಿಯಂತೆ 8 ಷೇರುಗಳಾಗಿ ಬದಲಾಯಿಸಿಕೊಳ್ಳಬಹುದು. ಷೇರಿನ ಇಂದಿನ ಬೆಲೆ 100 ರೂಪಾಯಿ. ಮುಂದೆ ಅದು 160ಕ್ಕೆ ಏರಿದರೆ ನಿಮ್ಮ 8 ಷೇರಿಗೆ 1,280 ರೂಪಾಯಿ. 60ಕ್ಕೆ ಇಳಿದರೆ ಷೇರಿನ ಗೋಜಿಗೇ ಹೋಗದೆ 1,000 ರೂಪಾಯಿ ಅಸಲು ಕೇಳಿ ಪಡೆಯಬಹುದು.

ಈ ಆಯ್ಕೆ ಪುಕ್ಕಟೆ ಅಲ್ಲ. ಅದೇ ಕಂಪನಿ ಸಾಮಾನ್ಯ ಸಾಲಪತ್ರಕ್ಕೆ ಶೇ 9 ಬಡ್ಡಿ ಕೊಡಬೇಕಿದ್ದರೆ, ನೀವು ವರ್ಷಕ್ಕೆ 30 ರೂಪಾಯಿ, ಐದು ವರ್ಷಕ್ಕೆ 150 ರೂಪಾಯಿ ಬಿಟ್ಟುಕೊಟ್ಟಂತೆ. ಷೇರು 125 ದಾಟದಿದ್ದರೆ ಆ ಹಣ ಹೋದಂತೆಯೇ.

ಇದು ಸಣ್ಣ ನಷ್ಟ. ದೊಡ್ಡದು ಬೇರೆ ಇದೆ. ಷೇರು ಬಿದ್ದರೂ ಅಸಲು ಸಿಗುತ್ತದೆ ಎಂಬ ನಂಬಿಕೆ ಕಂಪನಿಯ ಕೈಯಲ್ಲಿ ಹಣವಿದ್ದರೆ ಮಾತ್ರ ನಿಜ. ಷೇರು ನೆಲಕಚ್ಚುವುದು ಬಹಳ ಸಲ ಕಂಪನಿಯೇ ಸೊರಗಿದಾಗ. ನಮ್ಮ ಪುಣೆಯ ಸುಜ್ಲಾನ್ ಇಂಥ ಸಾಲಪತ್ರಗಳನ್ನು ವಿದೇಶಿ ಹೂಡಿಕೆದಾರರಿಗೆ ಮಾರಿತ್ತು. 2012ರ ಅಕ್ಟೋಬರ್‌ನಲ್ಲಿ ಗಡುವು ಬಂದಾಗ ಷೇರಿನ ಬೆಲೆ 20 ರೂಪಾಯಿಗಿಂತ ಕೆಳಗಿತ್ತು, ಪರಿವರ್ತನೆಯ ದರ ಅದಕ್ಕಿಂತ ಎಷ್ಟೋ ಮೇಲೆ. ಸಹಜವಾಗಿ ಎಲ್ಲರೂ ಅಸಲು ಕೇಳಿದರು. ಸುಮಾರು 20 ಕೋಟಿ ಡಾಲರ್ ಕೊಡಲು ಕಂಪನಿಗೆ ಆಗಲಿಲ್ಲ. ಸಾಲ ಕೊಟ್ಟವರು ಹೊಸ ಷರತ್ತಿಗೆ ಒಪ್ಪಿ ಕಾಯಬೇಕಾಯಿತು.

ಆದ್ದರಿಂದ ಇಲ್ಲಿ ಮೊದಲು ನೋಡಬೇಕಾದ್ದು ಷೇರು ಎಷ್ಟು ಏರೀತು ಎಂಬುದನ್ನಲ್ಲ. ಅದು ಏರದಿದ್ದರೆ ಸಾಲ ತೀರಿಸಲು ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು.

ಇನ್ನೊಂದು ಮಾತು. ಎಲ್ಲ ಪರಿವರ್ತನೀಯ ಪತ್ರಗಳಲ್ಲೂ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಕೆಲವು ಅವಧಿ ಮುಗಿದಾಗ ಕಡ್ಡಾಯವಾಗಿ ಷೇರಾಗುತ್ತವೆ. ಅಸಲು ಕೇಳುವ ಹಕ್ಕೇ ಇಲ್ಲ. ‘ಪರಿವರ್ತಿಸಿಕೊಳ್ಳಬಹುದು’, ‘ಪರಿವರ್ತನೆಯಾಗುತ್ತದೆ’ ಎಂಬ ಎರಡು ಮಾತುಗಳ ನಡುವೆ ಇಡೀ ಭದ್ರತೆ ನಿಂತಿದೆ.

‘ಭಾವಾ, ನಿಮ್ಮ ಕಾಗದದಾಗ ಯಾವುದು ಐತಿ, ಓದಿ ಹೇಳ್ರಿ’ ಎಂದೆ. ಕನ್ನಡಕ ಹುಡುಕಿ ಓದಿದರು. ಕಡ್ಡಾಯ ಎಂದೇ ಇತ್ತು. ಷೇರು 60ಕ್ಕಿಳಿದರೆ ಎಂಟು ಷೇರಿಗೆ ಎಷ್ಟಾಗುತ್ತದೆ ಎಂದು ಅವರೇ ಗುಣಿಸಿದರು.

‘ನಾಕನೂರಾ ಎಂಬತ್ತು. ಅರ್ಧಾನೂ ಉಳಿಯೂದಿಲ್ಲಲ್ಲೋ!’