ನಾನು ಹೇಳಿಕೊಡದೆ ಬಿಟ್ಟ ಬಡ್ಡಿಯ ಲೆಕ್ಕ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಕೈಯಲ್ಲಿ ಸಾಲದ ಕಾಗದವಿತ್ತು. "ಸಾರ್, ಹನ್ನೆರಡು ಪರ್ಸೆಂಟ್ ಬಡ್ಡಿ ಅಂದರು. ನೀವು ಕಲಿಸಿದ ಹಾಗೆಯೇ ಲೆಕ್ಕ ಹಾಕಿದೆ, ಸರಿಯಾಗಿಯೇ ಬಂತು. ಆದರೂ ಎಲ್ಲೋ ಮೋಸ ಆಗಿದೆ ಅನ್ನಿಸುತ್ತಿದೆ" ಎಂದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ನನ್ನ ಪಾಠದಲ್ಲಿ.

ಆಕೆ ಪಡೆದ ಸಾಲ 60,000 ರೂಪಾಯಿ. ಅವಧಿ ಒಂದು ವರ್ಷ. ಶೇ. 12ರಂತೆ ಬಡ್ಡಿ 7,200. ಒಟ್ಟು 67,200ನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 5,600ರ ಕಂತು. ಅಸಲು, ಕಾಲ, ದರಗಳನ್ನು ಗುಣಿಸಿ ನೂರರಿಂದ ಭಾಗಿಸಬೇಕೆಂಬ ಸೂತ್ರಕ್ಕೆ ಇದು ಚಾಚೂ ತಪ್ಪದೆ ಹೊಂದುತ್ತದೆ. ಆದರೆ ನಾನು ಕಲಿಸಿದ ಲೆಕ್ಕಗಳಲ್ಲಿ ರಾಮಪ್ಪನು ಸಾಲ ಪಡೆದು, ವರ್ಷದ ಕೊನೆಯವರೆಗೂ ಅಷ್ಟೂ ಹಣವನ್ನು ಇಟ್ಟುಕೊಂಡು, ಅಸಲು ಬಡ್ಡಿಗಳನ್ನು ಒಮ್ಮೆಗೇ ತೀರಿಸುತ್ತಿದ್ದ. ಈ ಹೆಣ್ಣುಮಗಳು ಹಾಗೆ ಇಟ್ಟುಕೊಳ್ಳಲಿಲ್ಲ. ಮೊದಲ ತಿಂಗಳಿಂದಲೇ ಅಸಲಿನಲ್ಲಿ ಐದೈದು ಸಾವಿರ ಹಿಂದಿರುಗಿಸುತ್ತ ಬಂದಳು. ಕೊನೆಯ ತಿಂಗಳಲ್ಲಿ ಆಕೆಯ ಬಳಿ ಉಳಿದಿದ್ದುದು 5,000 ಮಾತ್ರ. ಬಡ್ಡಿಯನ್ನು ಮಾತ್ರ ಪೂರ್ತಿ 60,000ಕ್ಕೇ ತೆರುತ್ತಿದ್ದಳು.

ನಿಜವಾಗಿ ಉಳಿದ ಅಸಲಿಗೆ ಮಾತ್ರ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ ಬಡ್ಡಿ ಹಾಕೋಣ. ಮೊದಲ ತಿಂಗಳು 600, ಮುಂದೆ 550, 500, ಹೀಗೆ ಇಳಿದು ಕೊನೆಗೆ 50. ಇದು ಎಸ್ಸೆಸ್ಸೆಲ್ಸಿಯ ಸಮಾಂತರ ಶ್ರೇಢಿ. ಒಂದರಿಂದ ಹನ್ನೆರಡರವರೆಗಿನ ಮೊತ್ತ 78. ಅದನ್ನು 50ರಿಂದ ಗುಣಿಸಿದರೆ 3,900. ತೆರಬೇಕಾದಲ್ಲಿ ತೆತ್ತದ್ದು 7,200! ಬಾಯಲ್ಲಿ ಹೇಳಿದ ದರ 12. ಕೈಯಿಂದ ಹೋದ ದರ ಹೆಚ್ಚುಕಡಿಮೆ 22. ಇದರ ಮೇಲೆ ಶುಲ್ಕವೆಂದು 1,200ನ್ನು ಮೊದಲೇ ಮುರಿದುಕೊಂಡಿದ್ದರು. ಅದನ್ನೂ ಸೇರಿಸಿದರೆ ದರ 25ನ್ನು ದಾಟುತ್ತದೆ.

ಶಿಕ್ಷಣ ಚಿಂತಕ ಎಲಿಯಟ್ ಐಸ್ನರ್ 1979ರ ತಮ್ಮ ಗ್ರಂಥದಲ್ಲಿ, ಶಾಲೆಯು ಕಲಿಸದೆ ಬಿಡುವುದಕ್ಕೂ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಶೂನ್ಯ ಪಠ್ಯಕ್ರಮ ಎನ್ನಬಹುದು. ಬಿಟ್ಟದ್ದು ಬರಿಯ ಖಾಲಿ ಜಾಗವಲ್ಲ, ಅದಕ್ಕೂ ಪರಿಣಾಮವಿದೆ ಎಂಬುದು ಅವರ ವಾದ. ಬಿಟ್ಟುಹೋಗುವುದು ವಿಷಯ ಮಾತ್ರವಲ್ಲ, ಯೋಚಿಸುವ ಬಗೆಯೂ ಹೌದು ಎಂದೂ ಅವರು ತೋರಿಸಿದರು. ನನ್ನ ತರಗತಿಯಲ್ಲಿ ಆದದ್ದು ಎರಡೂ. ಕಂತಿನ ಸಾಲವೆಂಬ ವಿಷಯ ಬರಲಿಲ್ಲ, "ಯಾವ ಮೊತ್ತದ ಮೇಲೆ ಬಡ್ಡಿ?" ಎಂದು ಕೇಳುವ ಅಭ್ಯಾಸವೂ ಬರಲಿಲ್ಲ. ಪ್ರಶ್ನೆಪತ್ರಿಕೆಯು ದರವನ್ನು ಕೊಟ್ಟೇಬಿಡುತ್ತಿತ್ತು. ಕೊಟ್ಟ ದರವನ್ನು ನಂಬುವುದನ್ನೇ ನಾನು ಮೂವತ್ತು ವರ್ಷ ಕಲಿಸಿದೆ.

ಏನನ್ನೂ ಕಲಿಯದವನಿಗಿಂತ ಅರ್ಧ ಕಲಿತವನಿಗೆ ಇಲ್ಲಿ ಅಪಾಯ ಹೆಚ್ಚು. ಊರಿನಲ್ಲಿ ತಿಂಗಳಿಗೆ "ನೂರಕ್ಕೆ ಮೂರು" ಎಂದು ಸಾಲ ತರುವ ಅಜ್ಜಿಗೆ ಅದು ದುಬಾರಿಯೆಂದು ಗೊತ್ತು. ವರ್ಷಕ್ಕೆ 36 ಎಂಬುದನ್ನು ಆಕೆ ಅಡಗಿಸಿಕೊಂಡಿಲ್ಲ. ಆದರೆ ಸೂತ್ರ ಬಲ್ಲವಳು ತಾಳೆ ನೋಡುತ್ತಾಳೆ, ಉತ್ತರ ಸರಿ ಬರುತ್ತದೆ, ಸಹಿ ಹಾಕುತ್ತಾಳೆ. ಆ ನಿಶ್ಚಿಂತೆಯನ್ನು ಅವಳಿಗೆ ಕೊಟ್ಟದ್ದು ಶಾಲೆ.

"ಎಲ್ಲವನ್ನೂ ಕಲಿಸಲಾದೀತೇ?" ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಆಗದು, ಒಪ್ಪುತ್ತೇನೆ. ಆದರೆ ಇಲ್ಲಿ ಹೊಸ ಅಧ್ಯಾಯವೇ ಬೇಕಿಲ್ಲ. ಶೇಕಡಾವಾರು ಇದೆ, ಶ್ರೇಢಿ ಇದೆ. ಎರಡನ್ನೂ ಒಂದು ಸಾಲದ ಕಾಗದದ ಮೇಲೆ ಕೂಡಿಸಲು ಒಂದು ಪೀರಿಯಡ್ ಸಾಕು. ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂಬ ಒಂದೇ ಕಾರಣಕ್ಕೆ ನಾನು ಆ ಪೀರಿಯಡ್ ತೆಗೆದುಕೊಳ್ಳಲಿಲ್ಲ. ಅದನ್ನು ಸಮಯದ ಅಭಾವವೆಂದು ಕರೆಯುವುದು ಆತ್ಮವಂಚನೆ.

ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಚಿಲ್ಲರೆ ಸಾಲಗಾರರಿಗೆ, ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಒಂದು ಮುಖ್ಯಾಂಶ ಪತ್ರದಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ವಿಧಿಸಿದೆ. ಒಳ್ಳೆಯದೇ. ಆದರೆ 12 ಎಂದವರ ಕಾಗದದಲ್ಲಿ 25 ಏಕೆ ಇದೆಯೆಂದು ಕೇಳಲು ಯಾರು ಕಲಿಸಬೇಕು? ಕಾನೂನು ಕಾಗದ ಕೊಟ್ಟಿತು, ಓದುವ ಕಣ್ಣನ್ನು ಶಾಲೆ ಕೊಡಲಿಲ್ಲ.

ಲೆಕ್ಕ ಬಂದ ಮಾತ್ರಕ್ಕೆ ಅವಳ ಕಷ್ಟ ನೀಗುತ್ತಿತ್ತೆಂದು ನಾನು ಹೇಳುವುದಿಲ್ಲ. ಗರಜು ಬಿದ್ದವರು ದುಬಾರಿ ಸಾಲವನ್ನೂ ತರುತ್ತಾರೆ. ಆದರೆ ಸಹಕಾರ ಸಂಘದ ಶೇ. 14ರ ಇಳಿಕೆ ಬಾಕಿಯ ಸಾಲ, ಈ ಶೇ. 12ಕ್ಕಿಂತ ಅಗ್ಗವೆಂಬುದಾದರೂ ಅವಳಿಗೆ ತಿಳಿಯುತ್ತಿತ್ತು. ಆಯ್ಕೆಯೆಂಬುದು ಅಲ್ಲಿಂದ ಆರಂಭ.

ನನ್ನ ಶಿಷ್ಯರಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಈ ವರ್ಷ ಶ್ರೇಢಿಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ 60,000 ಎಂದು ಬರೆಯಿರಿ. ನಾನು ಬಿಟ್ಟ ಪೀರಿಯಡ್ಡನ್ನು ನೀವು ತೆಗೆದುಕೊಳ್ಳಿ.