ಹೆಸರು ಎರಡು, ಬಿ.ಪಿ. ಮಾತ್ರೆ ಒಂದೇ

ಬಿ.ಪಿ. ಮಾತ್ರೆಯ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಜನೌಷಧಿ ಕೇಂದ್ರದಲ್ಲಿ ಹಳೆಯ ಸ್ಟ್ರಿಪ್ ತೋರಿಸಿ, ‘ಇಷ್ಟು ಅಗ್ಗದ್ದು ಕೆಲಸ ಮಾಡುತ್ತದೇನಪ್ಪಾ?’ ಎಂದರು. ಫಾರ್ಮಸಿಸ್ಟ್ ಹಳೆಯ ಮತ್ತು ಹೊಸ ಸ್ಟ್ರಿಪ್ ಎರಡನ್ನೂ ಪಕ್ಕಪಕ್ಕ ಇಟ್ಟು, ‘ಎರಡರಲ್ಲೂ ಆಮ್ಲೋಡಿಪಿನ್ 5 ಮಿ.ಗ್ರಾಂ. ಅಂತಲೇ ಇದೆ ನೋಡಿ ಸರ್. ಆದರೆ ಹಳೆಯದು ಉಳಿದಿದೆ ಅಂತ ಎರಡನ್ನೂ ನುಂಗಬೇಡಿ. ಡೋಸ್ ದುಪ್ಪಟ್ಟಾದರೆ ತಲೆ ಸುತ್ತಬಹುದು, ಕಾಲು ಊದಬಹುದು’ ಎಂದರು. ಬದಲಿಸಿದ ಮೇಲೆ ಎರಡು ವಾರದೊಳಗೆ ಬಿ.ಪಿ. ನೋಡಿಸಿಕೊಳ್ಳಲೂ ಹೇಳಿದರು.

ಬ್ರ್ಯಾಂಡ್ ಹೆಸರಷ್ಟೇ ಗೀಚಿದ ಚೀಟಿಯಿಂದ ಇಂಥ ಅಪಾಯ ಹೆಚ್ಚುತ್ತದೆ. ವೈದ್ಯರು ಮೂಲ ಹೆಸರನ್ನು ಬಿಡಿಸಿ ಬರೆಯುವಂತೆ, ಜನೌಷಧಿ ಕೇಂದ್ರಗಳಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಡುವಂತೆ ಆರೋಗ್ಯ ಇಲಾಖೆ ದಯವಿಟ್ಟು ಸೂಚಿಸಬೇಕು.

– ಒಬ್ಬ ಓದುಗ, ತುಮಕೂರು