‘ಸಕ್ಕರೆ ಸೇರಿಸಿಲ್ಲ’ ಅಂದರೆ ಸಾಕೆ?

ಉಟಗಿಯಲ್ಲಿರುವ ತಾಯಿಗೆ ಸಕ್ಕರೆ ಕಾಯಿಲೆ. ಪುಣೆಯಲ್ಲಿರುವ ಮಗ ಬಿಸ್ಕತ್ತಿನ ಪೊಟ್ಟಣದ ಫೋಟೋ ತರಿಸಿಕೊಂಡು ಲೆಕ್ಕ ಹಾಕುತ್ತಾನೆ ಎನ್ನಿ. ‘ಸಕ್ಕರೆ ಸೇರಿಸಿಲ್ಲ’ ಎಂಬುದನ್ನು ಓದಿ ನಿಲ್ಲುವಂತಿಲ್ಲ, ಮೈದಾ ಕೂಡ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ನೋಡಬೇಕಾದ್ದು ಒಟ್ಟು ಕಾರ್ಬೊಹೈಡ್ರೇಟ್. 100 ಗ್ರಾಂಗೆ 70 ಗ್ರಾಂ ಇದ್ದರೆ 25 ಗ್ರಾಂನ ಒಂದು ಸರ್ವಿಂಗ್‌ಗೆ 17.5 ಗ್ರಾಂ, 200 ಗ್ರಾಂ ಪೊಟ್ಟಣ ಪೂರ್ತಿ ಖಾಲಿಯಾದರೆ 140. ನಿವ್ವಳ ತೂಕ ಹೆಚ್ಚಾಗಿ ಬೇರೆ ಬದಿಯಲ್ಲಿರುವುದರಿಂದ ಎರಡು ಫೋಟೋ ಬೇಕು.

ಮಸುಕು ಫೋಟೋದಲ್ಲಿ 70 ಎಂಬುದು 7.0 ಆಗಿಯೂ ಕಂಡೀತು. ಯಾವುದು ಸರಿ ಎಂದು ತಿಳಿಯಲು 100 ಗ್ರಾಂನಲ್ಲಿರುವ ಕಾರ್ಬೊಹೈಡ್ರೇಟ್, ಪ್ರೋಟೀನ್‌ಗಳ ಗ್ರಾಂಗಳನ್ನು 4ರಿಂದ, ಕೊಬ್ಬಿನದನ್ನು 9ರಿಂದ ಗುಣಿಸಿ ಕೂಡಿಸಿ. ಪ್ರೋಟೀನ್ 7, ಕೊಬ್ಬು 18 ಇದ್ದಲ್ಲಿ ಮೊದಲ ಓದಿಗೆ 470 ಕಿಲೋಕ್ಯಾಲೊರಿ, ಎರಡನೆಯದಕ್ಕೆ ಬರೀ 218. ಲೇಬಲ್ಲಿನ ಶಕ್ತಿಯ ಸಾಲು ಯಾವುದಕ್ಕೆ ಹತ್ತಿರವೋ ಅದೇ ಸರಿ. ನಾರು ಹೆಚ್ಚಿದ್ದರೆ ತುಸು ವ್ಯತ್ಯಾಸ ಬಂದೀತು, ಅರ್ಧಕ್ಕರ್ಧ ಬಾರದು.